ಸಂಜೆಯ ಖಾರಾ ಬನ್ನಿಗೆ ಎಷ್ಟು ಬೆಲೆ?

ಬಿಬಿಎ, ಎಂಬಿಎ ತರಗತಿಗಳಲ್ಲಿ ಮಾರ್ಕೆಟಿಂಗ್ ಪಾಠ ಅರ್ಧ ಮುಗಿಯುವ ಹೊತ್ತಿಗೆ ಒಂದು ಅಸೈನ್‌ಮೆಂಟ್ ಬರುತ್ತದೆ. ನಿಮ್ಮ ಬಡಾವಣೆಯ ಸಣ್ಣ ಬೇಕರಿಯೊಂದಕ್ಕೆ ಮಾರ್ಕೆಟಿಂಗ್ ಪ್ಲಾನ್ ಬರೆಯಿರಿ. ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸಿ, ಅವರ ಮನಸ್ಸಿನಲ್ಲಿ ಬೇಕರಿಗೆ ಯಾವ ಸ್ಥಾನ ಬೇಕೆಂದು ಹೇಳಿ, ಬೆಲೆ ನಿಗದಿ ಮಾಡಿ. ಪಠ್ಯದ ಭಾಷೆಯಲ್ಲಿ ಇವು ಸೆಗ್ಮೆಂಟೇಶನ್, ಪೊಸಿಷನಿಂಗ್, ಪ್ರೈಸಿಂಗ್. ಬಹುತೇಕ ಉತ್ತರಪತ್ರಿಕೆಗಳಲ್ಲಿ ಇವು ಮೂರು ಬೇರೆ ಬೇರೆ ಅಧ್ಯಾಯಗಳಾಗಿ ಕೂತಿರುತ್ತವೆ. ಮೊದಲನೆಯದರಲ್ಲಿ ‘18ರಿಂದ 35 ವರ್ಷದ ಮಧ್ಯಮ ವರ್ಗ’, ಎರಡನೆಯದರಲ್ಲಿ ‘ಉತ್ತಮ ಗುಣಮಟ್ಟ, ಕೈಗೆಟುಕುವ ದರ’, ಮೂರನೆಯದರಲ್ಲಿ ‘ಸ್ಪರ್ಧಾತ್ಮಕ ಬೆಲೆ’. ಇದನ್ನು ಓದಿದ ಬೇಕರಿ ಮಾಲೀಕರು ನಾಳೆ ಬೆಳಿಗ್ಗೆ ಯಾವ ಟ್ರೇಯನ್ನು ಎಷ್ಟು ಗಂಟೆಗೆ ಒಲೆಗೆ ಹಾಕಬೇಕು, ಯಾವುದರ ಬೆಲೆ ಬದಲಿಸಬೇಕು ಎಂದು ಕೇಳಿದರೆ ಆ ಪುಟಗಳಲ್ಲಿ ಉತ್ತರ ಸಿಗುವುದಿಲ್ಲ.

ಈ ಮೂರೂ ಒಂದೇ ಲೆಕ್ಕದ ಮೂರು ಮೆಟ್ಟಿಲುಗಳು. ಮೊದಲ ಮೆಟ್ಟಿಲಲ್ಲಿ ಕಂಡದ್ದು ಕೊನೆಯ ಮೆಟ್ಟಿಲಿನ ರೂಪಾಯಿಯನ್ನು ಬದಲಿಸದಿದ್ದರೆ ಮೊದಲನೆಯದನ್ನು ಬರೆದು ಪ್ರಯೋಜನವಿಲ್ಲ. ಇದನ್ನು ಬೆಂಗಳೂರಿನ ಒಂದು ಅಡ್ಡರಸ್ತೆಯ ಬೇಕರಿಯನ್ನು ಇಟ್ಟುಕೊಂಡು ಕೊನೆಯವರೆಗೂ ಮಾಡಿ ನೋಡೋಣ. ಬೇಕರಿ ಕಲ್ಪಿತ, ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಇಟ್ಟವು. ನಿಮ್ಮ ಬೀದಿಯಲ್ಲಿ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ.

ಗ್ರಾಹಕರನ್ನು ವಯಸ್ಸಿನಿಂದಲ್ಲ, ಹೊತ್ತಿನಿಂದ ನೋಡಿ

ಮಾರುಕಟ್ಟೆಯನ್ನು ಭಾಗಗಳಾಗಿ ನೋಡಬೇಕು ಎಂಬ ಮಾತನ್ನು ವ್ಯಾಪಾರಶಾಸ್ತ್ರದಲ್ಲಿ ನೆಲೆಗೊಳಿಸಿದ್ದು ವೆಂಡೆಲ್ ಸ್ಮಿತ್ 1956ರಲ್ಲಿ ಬರೆದ ಲೇಖನ. ಎಲ್ಲರಿಗೂ ಒಂದೇ ಬಗೆಯ ಬೇಡಿಕೆ ಇರುವುದಿಲ್ಲ, ಬೇಡಿಕೆಗಳು ಹಲವು ಇರುತ್ತವೆ ಎಂಬುದು ಅವರ ವಾದದ ತಿರುಳು. ವಿಂಗಡಿಸಬೇಕಾದ್ದು ಬೇಡಿಕೆಯನ್ನು. ಬೇಕರಿಯ ಕೌಂಟರಿನ ಮುಂದೆ ಇದು ಬಹಳ ಮುಖ್ಯ. ಬೆಳಿಗ್ಗೆ ಏಳಕ್ಕೆ ಬ್ರೆಡ್ ಒಯ್ಯುವ ಗೃಹಿಣಿಯೇ ಸಂಜೆ ಐದಕ್ಕೆ ಮಗನ ಕೈಹಿಡಿದು ಪಫ್ಸ್ ಕೊಳ್ಳುತ್ತಾರೆ, ತಿಂಗಳ ಕೊನೆಗೆ ಹುಟ್ಟುಹಬ್ಬದ ಕೇಕಿಗೆ ಆರ್ಡರ್ ಕೊಡುತ್ತಾರೆ. ವ್ಯಕ್ತಿ ಒಬ್ಬರೇ, ಬೇಡಿಕೆ ಮೂರು. ಅವರ ವಯಸ್ಸು, ಆದಾಯ ಗೊತ್ತಾದರೂ ಅವರು ಯಾವ ಹೊತ್ತಿಗೆ ಏನು ಕೇಳುತ್ತಾರೆಂದು ಗೊತ್ತಾಗುವುದಿಲ್ಲ.

ಹಾಗಾದರೆ ಗುಂಪು ಕಂಡುಹಿಡಿಯುವುದು ಹೇಗೆ? ಪ್ರಶ್ನಾವಳಿ ಹಂಚುವ ಅಗತ್ಯವಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಒಂದು ವಾರ ಪೂರ್ತಿ ನಾಲ್ಕು ಕಾಲಂ ತುಂಬಿಸಿ: ಗಂಟೆ, ಏನು ಕೊಂಡರು, ಎಷ್ಟು ರೂಪಾಯಿ, ಅಲ್ಲೇ ತಿಂದರೋ ಕಟ್ಟಿಸಿಕೊಂಡರೋ. ಜನ ಕೇಳುವ ಪ್ರಶ್ನೆಯನ್ನೂ ಬರೆದುಕೊಳ್ಳಿ. “ಬಿಸಿ ಇದೆಯೇನಣ್ಣ?” ಎಂದು ಕೇಳುವವರು ಒಂದು ಬೇಡಿಕೆ, “ಇವತ್ತಿಂದೇನಾ ಬ್ರೆಡ್ಡು?” ಎನ್ನುವವರು ಇನ್ನೊಂದು, “ಎಗ್‌ಲೆಸ್ಸಲ್ಲಿ ಒಂದು ಕೆಜಿ ನಾಳೆ ಸಂಜೆಗೆ ಸಿಗುತ್ತಾ?” ಎನ್ನುವವರು ಮತ್ತೊಂದು.

ಇದರ ಜೊತೆಗೆ ಯುಪಿಐ ಪಾವತಿಗಳ ಪಟ್ಟಿ ಇದೆ. ಪ್ರತಿ ಪಾವತಿಯ ಮುಂದೆ ಸಮಯ, ಮೊತ್ತ ಎರಡೂ ಇರುತ್ತವೆ. ಗಂಟೆಗಂಟೆಗೆ ಕೂಡಿಸಿದರೆ ಇಡೀ ತಿಂಗಳ ಚಿತ್ರ ಸಿಗುತ್ತದೆ. ಆದರೆ ಇದನ್ನೊಂದನ್ನೇ ನಂಬಬಾರದು. ಶಾಲೆಯ ಮಕ್ಕಳು ಮತ್ತು ವಯಸ್ಸಾದವರು ಹೆಚ್ಚಾಗಿ ನಗದು ಕೊಡುತ್ತಾರೆ, ಅವರು ಫೋನಿನ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಪಟ್ಟಿ ನೋಡಿ ಸಂಜೆಯ ಜನ ಕಡಿಮೆ ಎಂದು ತೀರ್ಮಾನಿಸಿದರೆ ಇಡೀ ಯೋಜನೆ ದಾರಿ ತಪ್ಪುತ್ತದೆ. ನೋಟ್‌ಬುಕ್ ಬೇಕಾಗುವುದು ಇದಕ್ಕೇ.

ನಮ್ಮ ಬೇಕರಿಯಲ್ಲಿ ವಾರದ ಸರಾಸರಿ ಹೀಗೆ ಬಂತು ಎಂದುಕೊಳ್ಳೋಣ. ಬೆಳಿಗ್ಗೆ ಬ್ರೆಡ್, ರಸ್ಕ್, ಬನ್ ಒಯ್ಯುವ ಮನೆಯವರು 50 ಜನ, ತಲಾ 60 ರೂಪಾಯಿಯಂತೆ 3,000. ಸಂಜೆ ಖಾರಾ ಬನ್, ಪಫ್ಸ್, ದಿಲ್‌ಪಸಂದ್ ನಿಂತೇ ತಿನ್ನುವವರು 120 ಜನ, ತಲಾ 30ರಂತೆ 3,600. ಬೆಣ್ಣೆ ಬಿಸ್ಕತ್ತು, ನಿಪ್ಪಟ್ಟು, ಕಾಂಗ್ರೆಸ್ ಕಡಲೆಕಾಯಿಯನ್ನು ಕಾಲು ಕೆಜಿ, ಅರ್ಧ ಕೆಜಿ ತೂಗಿಸಿಕೊಳ್ಳುವವರು 20 ಜನ, ತಲಾ 150ರಂತೆ 3,000. ಕೇಕ್ ಆರ್ಡರ್ 4, ತಲಾ 600ರಂತೆ 2,400. ಒಟ್ಟು 194 ಜನ, 12,000 ರೂಪಾಯಿ.

ಈ ನಾಲ್ಕು ಸಾಲುಗಳನ್ನು ನಿಧಾನವಾಗಿ ನೋಡಿ. ಸಂಜೆಯವರು ಜನದಲ್ಲಿ ಶೇ. 62, ಹಣದಲ್ಲಿ ಶೇ. 30. ಕೇಕಿನವರು ನಾಲ್ಕೇ ಜನ, ಹಣದಲ್ಲಿ ಶೇ. 20. ಇನ್ನೂ ಒಂದು ಮಾತಿದೆ, ಅದು ನೋಟ್‌ಬುಕ್ಕಿನಲ್ಲಿ ಮಾತ್ರ ಸಿಗುತ್ತದೆ: ಕೇಕ್ ಆರ್ಡರ್ ಕೊಡುವವರು ಯಾರು? ಬಹಳಷ್ಟು ಸಲ ಸಂಜೆ ಮಕ್ಕಳ ಜೊತೆ ಬಂದು ನಿಂತವರೇ. ಹಾಗಾಗಿ ಸಂಜೆಯ ಗುಂಪನ್ನು 30 ರೂಪಾಯಿಯ ಗಿರಾಕಿಗಳೆಂದು ಬದಿಗಿಡುವಂತಿಲ್ಲ. ಕೇಕಿನ ಗುಂಪಿಗೆ ಹೋಗುವ ಬಾಗಿಲು ಅದೇ. ನಮ್ಮ ಬೇಕರಿ ತನ್ನ ಶ್ರಮವನ್ನು ಮೊದಲು ಸಂಜೆಯವರ ಮೇಲೆ, ಅವರ ಮೂಲಕ ಕೇಕಿನ ಮೇಲೆ ಇಡುತ್ತದೆ. ಬೆಳಿಗ್ಗೆಯವರನ್ನು, ತೂಕದವರನ್ನು ಈಗಿರುವಂತೆಯೇ ಚೆನ್ನಾಗಿ ನೋಡಿಕೊಂಡರೆ ಸಾಕು. ಎಲ್ಲರನ್ನೂ ಗುರಿ ಎಂದು ಬರೆದ ಯೋಜನೆ ಯಾರನ್ನೂ ಆರಿಸಿಕೊಂಡಿಲ್ಲ.

ಯಾರೂ ಬೇಡವೆನ್ನದ ಮಾತು ಸ್ಥಾನವಲ್ಲ

ಪೊಸಿಷನಿಂಗ್ ಎಂಬ ಕಲ್ಪನೆಯನ್ನು 1969ರ ಹೊತ್ತಿಗೆ ಪ್ರಚುರಪಡಿಸಿದ್ದು ಜಾಕ್ ಟ್ರೌಟ್, ಆಮೇಲೆ ಅವರೂ ಆಲ್ ರೀಸ್ ಅವರೂ ಸೇರಿ ಅದನ್ನು ಬೆಳೆಸಿದರು. ಅಂಗಡಿಯವರು ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಾರೆ ಎಂಬುದಕ್ಕಿಂತ, ಗ್ರಾಹಕರ ಮನಸ್ಸಿನಲ್ಲಿ ಬೇರೆ ಅಂಗಡಿಗಳ ನಡುವೆ ಆ ಅಂಗಡಿಗೆ ಯಾವ ಜಾಗವಿದೆ ಎಂಬುದು ಇಲ್ಲಿಯ ಪ್ರಶ್ನೆ.

ಇದಕ್ಕೆ ನಮ್ಮೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಸಹೋದರರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ, ಅಂದರೆ ಬಿ.ಬಿ. ಬೇಕರಿ ತೆರೆದರು. ಬ್ರೆಡ್, ಕೇಕುಗಳು ಆಗ ಇಂಗ್ಲಿಷರ ತಿನಿಸು. ಅದರಲ್ಲಿ ಮೊಟ್ಟೆ ಇರಬಹುದೆಂಬ ಅಳುಕು ಸಸ್ಯಾಹಾರಿ ಮನೆಗಳಲ್ಲಿತ್ತು. ಮುಂದೆ ಇಂಥ ಬೇಕರಿಗಳ ಬೋರ್ಡಿನ ಮೇಲೆ ಬಂದ ‘ಅಯ್ಯಂಗಾರ್’ ಎಂಬ ಹೆಸರು ಆ ಅಳುಕನ್ನು ಒಂದೇ ಏಟಿಗೆ ತೆಗೆಯಿತು. ಒಂದು ಪದದಲ್ಲಿ ಒಂದು ಗುಂಪಿಗೆ ಒಂದು ಭರವಸೆ: ಪೊಸಿಷನಿಂಗ್ ಎಂದರೆ ಇಷ್ಟೇ. ಆದರೆ ಇಂದು ಬಡಾವಣೆಗೊಂದು ಅಯ್ಯಂಗಾರ್ ಬೇಕರಿ ಇದೆ. ಎಲ್ಲರ ಬೋರ್ಡಿನಲ್ಲೂ ಇರುವ ಹೆಸರು ನಂಬಿಕೆ ತರುತ್ತದೆ, ಪಕ್ಕದ ಬೀದಿಯವರಿಗಿಂತ ನಿಮ್ಮನ್ನು ಬೇರೆ ಮಾಡಿ ತೋರಿಸುವುದಿಲ್ಲ. ಸ್ಥಾನವೂ ಸವೆಯುತ್ತದೆ ಎಂಬುದನ್ನು ಯೋಜನೆ ಬರೆಯುವವರು ನೆನಪಿಡಬೇಕು.

‘ಉತ್ತಮ ಗುಣಮಟ್ಟ, ಕೈಗೆಟುಕುವ ದರ’ ಎಂಬ ಸಾಲನ್ನು ಪರೀಕ್ಷಿಸಲು ಅದನ್ನು ತಿರುವಿ ಹಾಕಿ. ‘ನಮ್ಮದು ಕೆಟ್ಟ ಗುಣಮಟ್ಟ, ದುಬಾರಿ’ ಎಂದು ಯಾವ ಬೇಕರಿ ಹೇಳೀತು? ಯಾರೂ ಹೇಳುವುದಿಲ್ಲ ಎಂದಾದರೆ ಮೊದಲ ಸಾಲಿನಿಂದಲೂ ಏನೂ ತಿಳಿಯುವುದಿಲ್ಲ. ಬೆಲೆ ಒಂದು ಗೆರೆ, ಗುಣಮಟ್ಟ ಇನ್ನೊಂದು ಗೆರೆ ಎಂದು ಬರೆಯುವ ನಕ್ಷೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಬೇಕರಿಯೂ ‘ಕಡಿಮೆ ಬೆಲೆ, ಹೆಚ್ಚು ಗುಣ’ದ ಮೂಲೆಯಲ್ಲೇ ಬಂದು ಕೂರುವುದು ಇದೇ ಕಾರಣಕ್ಕೆ.

ಗೆರೆಗಳನ್ನು ನೋಟ್‌ಬುಕ್ಕಿನಿಂದಲೇ ಆರಿಸಬೇಕು. ಸಂಜೆಯವರು ಪದೇ ಪದೇ ಕೇಳಿದ್ದು ಬಿಸಿ ಇದೆಯೇ ಎಂದು. ಹಾಗಾದರೆ ಮೊದಲ ಗೆರೆ: ಒಲೆಯಿಂದ ಇಳಿದು ಎಷ್ಟು ಹೊತ್ತಾಯಿತು. ಮುಖ್ಯರಸ್ತೆಯ ಹಳೆಯ ಬೇಕರಿಯಲ್ಲಿ ಸಂಜೆ ಸಿಗುವ ಬನ್ನು ಬೆಳಿಗ್ಗೆಯದು. ಕೇಕ್ ಶಾಪಿನ ಸರಣಿ ಮಳಿಗೆಗೆ ಮಾಲು ಬೇರೆಡೆಯಿಂದ ವ್ಯಾನಿನಲ್ಲಿ ಬರುತ್ತದೆ. ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪ್‌ನವರು ಪ್ಯಾಕ್ ಮಾಡಿದ ಬ್ರೆಡ್ ತರುತ್ತಾರೆ. ಸಂಜೆ ನಾಲ್ಕೂಕಾಲಕ್ಕೆ ಒಲೆಯಿಂದ ಇಳಿದ ಖಾರಾ ಬನ್ ಎಂಬ ಜಾಗ ಈ ಬೀದಿಯಲ್ಲಿ ಖಾಲಿ ಇದೆ. ನಮ್ಮ ಬೇಕರಿಗೆ ಅದೇ ಜಾಗ.

ಈ ಭರವಸೆಯನ್ನು ಬೋರ್ಡಿನಲ್ಲಿ ಬರೆದರೆ ಮುಗಿಯಲಿಲ್ಲ, ಒಳಗಿನ ಕೆಲಸ ಬದಲಾಗಬೇಕು. ನಾಲ್ಕೂಕಾಲಕ್ಕೆ ಬನ್ ಇಳಿಯಬೇಕಾದರೆ ಹಿಟ್ಟು ಒಂದೂವರೆ ಗಂಟೆಗೇ ನಾದಿರಬೇಕು. ಅದು ಉಬ್ಬಿ, ಉಂಡೆಯಾಗಿ, ಮತ್ತೆ ಉಬ್ಬಿ ಒಲೆಗೆ ಹೋಗುವಷ್ಟರಲ್ಲಿ ಎರಡೂವರೆ ಗಂಟೆ ಕಳೆದಿರುತ್ತದೆ. ಬೇಯಲು ಕಾಲು ಗಂಟೆ ಸಾಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಭಟ್ಟರು ಅಷ್ಟು ಹೊತ್ತಿಗೆ ಮಲಗಿರುತ್ತಾರೆ. ಹಾಗಾಗಿ ಮಧ್ಯಾಹ್ನಕ್ಕೆ ಇನ್ನೊಬ್ಬ ಸಹಾಯಕ ಬೇಕು, ಆರಿದ ಒಲೆಯನ್ನು ಮತ್ತೆ ಕಾಯಿಸಬೇಕು. ಎರಡನೇ ಟ್ರೇಯ ಉಂಡೆಗಳನ್ನು ಫ್ರಿಜ್ಜಿನಲ್ಲಿಟ್ಟರೆ ಉಬ್ಬುವುದು ನಿಧಾನವಾಗುತ್ತದೆ. ಐದು ಗಂಟೆಗೆ ಮೊದಲ ಟ್ರೇ ಎಷ್ಟು ಖಾಲಿಯಾಗಿದೆ ನೋಡಿಕೊಂಡು ಹೊರತೆಗೆಯಬಹುದು, ಬೇಡವಾದರೆ ಬೆಳಗಿನ ಬನ್ನಿಗೆ ಬಳಸಬಹುದು.

ಸ್ಥಾನ ಹಿಡಿಯುವುದೆಂದರೆ ಕೆಲವನ್ನು ಬಿಡುವುದು ಕೂಡ. ಸಂಜೆಯ ಒಲೆಗೆ ಆಳು ಮತ್ತು ಹಣ ಹಾಕಿದ ಬೇಕರಿ ಪೇಸ್ಟ್ರಿಗಾಗಿ ದೊಡ್ಡ ಗಾಜಿನ ಫ್ರಿಜ್ ಕೊಳ್ಳಬಾರದು, ಪಿಜ್ಜಾ ಆರಂಭಿಸಬಾರದು. ‘ಇದನ್ನು ನಾವು ಮಾಡುವುದಿಲ್ಲ’ ಎಂಬ ಪಟ್ಟಿ ಯೋಜನೆಯಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಮಾಲೀಕರು ಮುಂದಿನ ತಿಂಗಳು ಬರುವ ಮೊದಲ ಸಲಹೆಗೇ ವಾಲುತ್ತಾರೆ.

ಬೆಲೆ: 15, 18, 20

ಈಗ ಮೂರನೇ ಮೆಟ್ಟಿಲು. ನಮ್ಮ ಬೇಕರಿಯಲ್ಲಿ ಖಾರಾ ಬನ್ನಿಗೆ ಈಗ 15 ರೂಪಾಯಿ. ಸಂಜೆ 80 ಹೋಗುತ್ತವೆ. ಒಂದು ಬನ್ನಿಗೆ ಖರ್ಚೆಷ್ಟು?

ನೂರು ಬನ್ನಿಗೆ ಲೆಕ್ಕ ಹಾಕುವುದು ಸುಲಭ. ಮೈದಾ 4 ಕೆಜಿ, 180 ರೂಪಾಯಿ. ವನಸ್ಪತಿ 120. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು 110. ಸಕ್ಕರೆ, ಉಪ್ಪು, ಈಸ್ಟ್, ಹಾಲು 50. ಕಾಗದದ ಕವರು 30. ಇಂಧನ 110. ಒಟ್ಟು 600, ಅಂದರೆ ಬನ್ನಿಗೆ 6 ರೂಪಾಯಿ. ಬಾಡಿಗೆ, ಈಗಿರುವ ಸಂಬಳಗಳು ಇದರಲ್ಲಿ ಇಲ್ಲ. ಬನ್ನು ಒಂದು ಹೆಚ್ಚಾದರೂ ಕಡಿಮೆಯಾದರೂ ಅವು ಬದಲಾಗುವುದಿಲ್ಲ. ಬೆಲೆಯಲ್ಲಿ ಈ 6 ಕಳೆದು ಉಳಿಯುವುದು ಬಾಡಿಗೆ, ಸಂಬಳ, ಲಾಭಗಳಿಗೆ ಆ ಬನ್ನು ಕೊಡುವ ಪಾಲು. 15 ರೂಪಾಯಿಯಲ್ಲಿ ಪಾಲು 9. ದಿನಕ್ಕೆ 80 ಬನ್ನಿನಿಂದ 720 ರೂಪಾಯಿ.

ಸಂಜೆಯ ಒಲೆಗೆ ಹೊಸ ಖರ್ಚು: ಸಹಾಯಕನಿಗೆ ದಿನಕ್ಕೆ 300, ಒಲೆ ಮತ್ತೆ ಕಾಯಿಸಲು 150, ಒಟ್ಟು 450. ಈಗ ಬರುತ್ತಿರುವ 720 ತಪ್ಪಬಾರದು, ಮೇಲೆ 450 ಹುಟ್ಟಬೇಕು. ಬೇಕಾದ್ದು 1,170.

ಬೆಲೆ 15ರಲ್ಲೇ ಇಟ್ಟರೆ ಪಾಲು 9, ದಿನಕ್ಕೆ 130 ಬನ್ ಹೋಗಬೇಕು. ಇಂದಿನದಕ್ಕಿಂತ 50 ಹೆಚ್ಚು. 18 ಮಾಡಿದರೆ ಪಾಲು 12, ಬೇಕಾದ್ದು 98. 20 ಮಾಡಿದರೆ ಪಾಲು 14, ಬೇಕಾದ್ದು 84, ಇಂದಿನದಕ್ಕಿಂತ ನಾಲ್ಕೇ ಹೆಚ್ಚು. ಮೊದಲೆರಡು ಮೆಟ್ಟಿಲುಗಳಲ್ಲಿ ತೆಗೆದುಕೊಂಡ ತೀರ್ಮಾನ ಇಲ್ಲಿ ರೂಪಾಯಿಯಾಗಿ ಬಂದು ನಿಂತಿದೆ. ‘ಬಿಸಿ ಬನ್, ಹಳೆಯ ಬೆಲೆ’ ಎಂಬ ಆಸೆ ಕೇಳಲು ಚೆನ್ನ, ಆದರೆ ದಿನಕ್ಕೆ 130 ಬನ್ ಮಾರದೆ ಅದು ನಿಲ್ಲುವುದಿಲ್ಲ.

18ಕ್ಕೆ ಇನ್ನೊಂದು ತೊಡಕಿದೆ. ಯುಪಿಐ ಇರುವಾಗ 18 ಆದರೇನು, 20 ಆದರೇನು ಎನಿಸಬಹುದು. ಆದರೆ ನಗದು ತರುವ ಸಂಜೆಯ ಮಕ್ಕಳಿಗೆ 2 ರೂಪಾಯಿ ಚಿಲ್ಲರೆ ಬದಲು ಚಾಕೊಲೇಟ್ ಕೊಡಬೇಕಾಗುತ್ತದೆ, ಅದು ದಿನವೂ ನಡೆಯುವ ಸಣ್ಣ ಜಗಳ. ಒಂದು ನೋಟಿಗೆ ಒಂದು ಬನ್ ಎಂಬ ಸರಳತೆ 20ಕ್ಕೆ ಇದೆ. ಇನ್ನು, ಬೆಲೆ ಏರಿಸದೆ ಬನ್ನಿನ ಗಾತ್ರ ಕುಗ್ಗಿಸುವ ಉಪಾಯ ಬೇಡ. ಸಂಜೆಯವರು ಅದನ್ನು ದಿನವೂ ಅಂಗೈಯಲ್ಲಿ ಹಿಡಿಯುವವರು, ಮೊದಲ ವಾರದಲ್ಲೇ ಕಂಡುಕೊಳ್ಳುತ್ತಾರೆ.

ಪಕ್ಕದ ಬೇಕರಿಯಲ್ಲಿ 15 ಇರುವಾಗ ಇಲ್ಲಿ 20 ಯಾರು ಕೊಟ್ಟಾರು? ಇದಕ್ಕೆ ಉತ್ತರ ಕ್ರಮದಲ್ಲಿದೆ. ಮೊದಲ ತಿಂಗಳು ಬೆಲೆ ಮುಟ್ಟಬಾರದು. ನಾಲ್ಕೂಕಾಲರ ಟ್ರೇ ಶುರುವಾಗಲಿ, ಇಳಿದ ಸಮಯವನ್ನು ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೌಂಟರಿನ ಮೇಲಿಡಲಿ, ಜನರಿಗೆ ಆ ಹೊತ್ತು ರೂಢಿಯಾಗಲಿ. ಆ ತಿಂಗಳ 450ರ ಖರ್ಚನ್ನು ಬಂಡವಾಳ ಎಂದೇ ಬರೆದುಕೊಳ್ಳಬೇಕು. ಎರಡನೇ ತಿಂಗಳು ಬೆಲೆ ಏರಿಸಿದರೆ ಅದಕ್ಕೊಂದು ಕಾರಣ ಜನರ ಕಣ್ಣೆದುರು ಇರುತ್ತದೆ. ಮೊದಲು ಬೆಲೆ ಏರಿಸಿ ಆಮೇಲೆ ಬಿಸಿ ಬನ್ ತಂದರೆ ಜನರಿಗೆ ನೆನಪಿರುವುದು ಏರಿಕೆ ಮಾತ್ರ.

ಎಷ್ಟು ಸುಡಬೇಕು ಎಂಬುದನ್ನೂ ಬೆಲೆಯೇ ಹೇಳುತ್ತದೆ. 20 ರೂಪಾಯಿಯ ಬನ್ ಒಂದು ಉಳಿದರೆ 6 ರೂಪಾಯಿ ನಷ್ಟ. ಇಲ್ಲವೆಂದು ಒಬ್ಬರನ್ನು ವಾಪಸ್ ಕಳಿಸಿದರೆ 14 ನಷ್ಟ. ಈ ಎರಡನ್ನು ತೂಗಿದರೆ, 20ರಲ್ಲಿ 14 ಭಾಗ, ಅಂದರೆ ಹತ್ತು ದಿನಗಳಲ್ಲಿ ಏಳು ದಿನ ಸಾಕಾಗುವಷ್ಟು ಸುಡುವುದು ಸರಿ. ಮೂರು ದಿನ ಬೇಗ ಖಾಲಿಯಾದರೆ ಅದು ತಪ್ಪಲ್ಲ. ಹತ್ತಕ್ಕೆ ಹತ್ತು ದಿನವೂ ಉಳಿಯುತ್ತಿದ್ದರೆ ಹೆಚ್ಚು ಸುಡುತ್ತಿದ್ದೀರಿ, ದಿನವೂ ಖಾಲಿಯಾಗುತ್ತಿದ್ದರೆ ಕಡಿಮೆ.

ಉಳಿದ ಗುಂಪುಗಳಿಗೆ ಇದೇ ಲೆಕ್ಕ ಹೊಂದುವುದಿಲ್ಲ, ಅವರ ಬೇಡಿಕೆಯೇ ಬೇರೆ. ಬೆಳಗಿನ ಬ್ರೆಡ್ಡಿನ ಬೆಲೆ ಮನೆಯವರಿಗೆ ಬಾಯಿಪಾಠ, ಪ್ಯಾಕಿನ ಮೇಲೆ ಎಂಆರ್‌ಪಿ ಅಚ್ಚಾಗಿರುವ ಕಂಪನಿ ಬ್ರೆಡ್ ಪಕ್ಕದ ಅಂಗಡಿಯಲ್ಲೇ ಇದೆ. ಅಲ್ಲಿ ಬೆಲೆ ಆಚೀಚೆ ಹೋಗುವಂತಿಲ್ಲ. ಕೇಕಿನವರು ಒಂದು ದಿನ ಮುಂಚೆ ಮುಂಗಡ ಕೊಟ್ಟಿರುತ್ತಾರೆ, ಉಳಿಯುವ ಭಯವಿಲ್ಲ. ಅವರಿಗೆ ಮುಖ್ಯವಾದ್ದು ಹೆಸರು ತಪ್ಪಿಲ್ಲದೆ ಬರೆದ, ಹೇಳಿದ ಹೊತ್ತಿಗೆ ಸಿದ್ಧವಾದ ಕೇಕು. ಅಲ್ಲಿ ತೂಕದ ಬೆಲೆಯ ಮೇಲೆ ಅಲಂಕಾರದ ಶ್ರಮಕ್ಕೆ ಪ್ರತ್ಯೇಕ ಹಣ ಕೇಳಬಹುದು.

ಬೆಲೆಯೊಳಗೆ ತೆರಿಗೆಯೂ ಕೂತಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ. ದಿನಕ್ಕೆ 12,000 ಎಂದರೆ ವರ್ಷಕ್ಕೆ 43 ಲಕ್ಷ ಮೀರುತ್ತದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಕರ್ನಾಟಕದ ಸಣ್ಣ ವ್ಯಾಪಾರಿಗಳು ಕಂಗಾಲಾಗಿದ್ದು ಈ ಗೆರೆಯ ಮುಂದೆಯೇ. ಸಾಮಾನ್ಯ ಬ್ರೆಡ್ಡಿಗೆ ತೆರಿಗೆ ಇಲ್ಲ. ಕೇಕು, ಬಿಸ್ಕತ್ತಿಗೆ ಮೊದಲು ಶೇ. 18 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 5. ತೆರಿಗೆ ಸೇರಿಸಿ 600 ರೂಪಾಯಿಗೆ ಮಾರಿದ ಕೇಕಿನಲ್ಲಿ ಸುಮಾರು 29 ರೂಪಾಯಿ ಮಾಲೀಕರದಲ್ಲ. ಅದನ್ನು ಕಳೆದೇ ಪಾಲು ಲೆಕ್ಕ ಹಾಕಬೇಕು.

ಮನೆಗೆ ತಲುಪಿಸುವ ಆ್ಯಪ್‌ಗೆ ಸೇರಬೇಕೇ ಎಂಬ ಪ್ರಶ್ನೆಗೂ ಇದೇ ಅಳತೆ ಸಾಕು. ಕಮಿಷನ್ ಶೇ. 25 ಎಂದಿಟ್ಟುಕೊಂಡರೆ 20ರ ಬನ್ನಿನಲ್ಲಿ 5 ಅಲ್ಲಿಗೇ ಹೋಯಿತು, ಪಾಲು ಮತ್ತೆ 9ಕ್ಕೆ ಇಳಿಯಿತು. ದಾರಿಯಲ್ಲಿ ಬನ್ನು ತಣ್ಣಗಾಯಿತು, ಅಂದರೆ ಯಾವ ಭರವಸೆಗಾಗಿ 20 ಕೇಳಿದೆವೋ ಅದೂ ಹೋಯಿತು. ಖಾರಾ ಬನ್ನಿಗೆ ಆ್ಯಪ್ ಬೇಡ. ಮುಂಗಡದ ಕೇಕಿಗೆ ಬೇಕಿದ್ದರೆ ಯೋಚಿಸಬಹುದು.

ಯೋಜನೆ ಸೋತಿತು ಎಂದು ತಿಳಿಯುವುದು ಹೇಗೆ

ಅಸೈನ್‌ಮೆಂಟಿನ ಕೊನೆಯ ಪುಟದಲ್ಲಿ ‘ಈ ಯೋಜನೆಯಿಂದ ಬೇಕರಿ ಬೆಳೆಯುತ್ತದೆ’ ಎಂದು ಬರೆದು ಮುಗಿಸುವುದು ರೂಢಿ. ಆ ಜಾಗದಲ್ಲಿ ಮೂರು ಸಾಲು ಬರೆಯಬೇಕು. ಬೆಲೆ 20 ಆದ ಮೇಲೆ ಆರು ವಾರ ಸಂಜೆಯ ಬನ್ನುಗಳನ್ನು ದಿನವೂ ಎಣಿಸಿ. ವಾರದ ಸರಾಸರಿ ಸತತ ಮೂರು ವಾರ 84ಕ್ಕಿಂತ ಕೆಳಗಿದ್ದರೆ ಸಂಜೆಯ ಒಲೆ ಆರಿಸಿ. ಪಫ್ಸ್, ದಿಲ್‌ಪಸಂದ್ ಮಾರಾಟವನ್ನು ಪಕ್ಕದಲ್ಲೇ ಬರೆಯಿರಿ. ಬನ್ನು ಏರಿ ಅವು ಅಷ್ಟೇ ಇಳಿದರೆ ಹೊಸ ವ್ಯಾಪಾರ ಹುಟ್ಟಿಲ್ಲ, ಹಳೆಯದೇ ಜಾಗ ಬದಲಿಸಿದೆ. ಕೇಕ್ ಆರ್ಡರ್ ಕೊಟ್ಟವರನ್ನು ಸಂಜೆ ಬರುತ್ತೀರಾ ಎಂದು ಒಂದು ಮಾತು ಕೇಳಿ. ಹೌದೆನ್ನುವವರು ಹೆಚ್ಚದಿದ್ದರೆ ಸಂಜೆಯವರೇ ಕೇಕಿನ ಬಾಗಿಲು ಎಂದು ನಾವು ಮೊದಲ ಮೆಟ್ಟಿಲಲ್ಲಿ ಊಹಿಸಿದ್ದು ತಪ್ಪು, ಅಲ್ಲಿಂದಲೇ ಮತ್ತೆ ಬರೆಯಬೇಕು.

ಅಂಕ ಕೊಡುವ ಮೇಷ್ಟರಿಗೂ ಇದರಲ್ಲೊಂದು ಸರಳ ಪರೀಕ್ಷೆ ಇದೆ. ವಿದ್ಯಾರ್ಥಿಯ ಯೋಜನೆಯಲ್ಲಿ ಆರಿಸಿದ ಗುಂಪನ್ನು ಬದಲಿಸಿ ನೋಡಿ: ಸಂಜೆಯವರ ಬದಲು ಬೆಳಿಗ್ಗೆಯ ಬ್ರೆಡ್ಡಿನವರನ್ನು ಇಡಿ. ಆಗ ಒಲೆಯ ಹೊತ್ತು, ಬಿಟ್ಟುಬಿಡುವ ಪಟ್ಟಿ, ಬೆಲೆ ಎಲ್ಲವೂ ಬದಲಾಗಬೇಕಾಗಿ ಬಂದರೆ ಆ ಯೋಜನೆ ಬೇಕರಿಯನ್ನು ನೋಡಿ ಬರೆದದ್ದು. ಒಂದಕ್ಷರವೂ ಬದಲಾಗದೆ ಹಾಗೆಯೇ ನಿಂತರೆ, ಅದನ್ನು ಬರೆದವರು ಬೇಕರಿಯ ಮುಂದೆ ಒಂದು ಸಂಜೆಯೂ ನಿಂತಿಲ್ಲ.